ಕೊಟ್ಟಿಗೆಯ ಹಳೇ ಸಿಮೆಂಟ್ ಶೀಟು ಇಳಿಸುವ ಮುನ್ನ

ಏಪ್ರಿಲ್ ಬಂತೆಂದರೆ ಮಲೆನಾಡಿನಲ್ಲಿ ಮಾಡಿನ ಕೆಲಸ ಶುರು. ಮಂಗ ಹಾರಿ ಒಡೆದ ಶೀಟು ಬದಲಿಸಬೇಕು, ಸೋರುವ ಜಾಗ ಮುಚ್ಚಬೇಕು. ಅದಕ್ಕೂ ಮೊದಲು ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಶೀಟಿನ ಮೇಲಿನ ಪಾಚಿಯನ್ನು ಹಿಡಿಕಡ್ಡಿಯಲ್ಲೋ ತಂತಿ ಬ್ರಷ್ಷಿನಲ್ಲೋ ಕೆರೆಯುವುದು. ಈಗೀಗ ಕಾರು ತೊಳೆಯುವ ಪ್ರೆಶರ್ ವಾಷರ್ ಕೂಡ ಮಾಡಿಗೆ ಹತ್ತಿದೆ. ಹಳೇ ಶೀಟಿಗೆ ಮಾಡಲೇಬಾರದ್ದು ಇದನ್ನೇ.

ನಾವು ಸಿಮೆಂಟ್ ಶೀಟು ಅನ್ನುವುದರಲ್ಲಿ ತೂಕದ ಸುಮಾರು ಹತ್ತನೇ ಒಂದು ಪಾಲು ಆಸ್ಬೆಸ್ಟಸ್ ನಾರು. ಹೊಸದರಲ್ಲಿ ಸಿಮೆಂಟು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆದರೆ ವರ್ಷಗಟ್ಟಲೆ ನಮ್ಮ ಮಳೆ ಹೊಡೆದರೆ ಮೇಲ್ಪದರದ ಸಿಮೆಂಟು ಸವೆದು ನಾರು ಹೊರಗೆ ಬರುತ್ತದೆ. ಪಾಚಿ ಹಿಡಿಯುವುದೂ ಅಲ್ಲೇ. ಒಣಗಿದ ಪಾಚಿ ಕೆರೆದಾಗ ಏಳುವ ಧೂಳಿನಲ್ಲಿ ಈ ನಾರೂ ಸೇರಿರುತ್ತದೆ. ಒಂದೊಂದು ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ಒಳಗೆ ಹೋದರೆ ಕರಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಎಂಬ ಇನ್ನೊಂದು ಕ್ಯಾನ್ಸರ್, ಇವೆಲ್ಲ ಇದರಿಂದ ಬರುತ್ತವೆ. ಕಾಯಿಲೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಮೀಸೋಥೀಲಿಯೋಮಾಕ್ಕಂತೂ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿಯೇ ‘ನಾನು ಎಷ್ಟೋ ಮಾಡು ಬಿಚ್ಚಿದೀನಿ, ಏನೂ ಆಗಿಲ್ಲ’ ಅನ್ನುವ ಮಾತಿಗೆ ಅರ್ಥ ಇಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು.

ಹಾಗಂತ ಹೆದರಿ ನಾಳೆಯೇ ಮಾಡು ಬಿಚ್ಚಬೇಡಿ. ಅಪಾಯ ಇರುವುದು ಧೂಳಿನಲ್ಲಿ. ಬಿರುಕಿಲ್ಲದ, ಗಟ್ಟಿಯಾಗಿರುವ ಶೀಟಿನ ಕೆಳಗೆ ಬದುಕುವವರಿಗಿಂತ, ಊರೂರಲ್ಲಿ ಶೀಟು ಕೊಯ್ಯುವ, ಒಡೆಯುವ ಕೆಲಸದವನಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಚೆನ್ನಾಗಿರುವ ಶೀಟನ್ನು ಸುಮ್ನೆ ಬಿಡುವುದೇ ಲೇಸು. ಸೂರಿನ ಅಂಚು ಉದುರಿ ಬಿಳಿ ನಾರು ಕೂದಲಿನ ಹಾಗೆ ಕಾಣುತ್ತಿದ್ದರೆ, ಬಿರುಕು ಬೋಲ್ಟಿನಿಂದ ಬೋಲ್ಟಿಗೆ ಓಡಿದ್ದರೆ, ಒಳಗಿನ ಮೈಯಿಂದ ಪುಡಿ ಉದುರುತ್ತಿದ್ದರೆ ಬದಲಿಸುವ ಕಾಲ ಬಂದಿದೆ ಅಂತ ತಿಳಿಯಿರಿ.

ಹೊಸನಗರ ಕಡೆಯ ನೆಂಟರೊಬ್ಬರ ಕೊಟ್ಟಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಉದ್ದ 40 ಅಡಿ, ಒಂದೇ ಕಡೆ ಇಳಿಜಾರು, ಹತ್ತು ಅಡಿಯ 12 ಶೀಟು. ಹತ್ತು ಅಡಿಯ ಒಂದು ಶೀಟು 40 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಅಂದರೆ ಮಾಡಿನ ಮೇಲೆ ಹೆಚ್ಚುಕಮ್ಮಿ ಅರ್ಧ ಟನ್ ಕೂತಿದೆ.

ಇಳಿಸುವ ಕ್ರಮ

ಗಾಳಿ ಇಲ್ಲದ ಬೆಳಗ್ಗೆ ನೋಡಿ ಶುರು ಮಾಡಿ. ದನ, ಹುಲ್ಲು, ಹಿಂಡಿ ಎಲ್ಲ ಮೊದಲೇ ಹೊರಗೆ ಸಾಗಿಸಿ. ಮಕ್ಕಳು ಆ ಕಡೆ ಸುಳಿಯಬಾರದು. ಕೆಳಗೆ ನೆಲಕ್ಕೆ ಟಾರ್ಪಾಲು ಹಾಸಿ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ, ಆಸ್ಪತ್ರೆಯ ನೀಲಿ ಮಾಸ್ಕ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಎನ್-95 ಕೂಡ ಈ ನಾರಿಗೆ ಸಾಲದು, ಸಣ್ಣ ಧೂಳು ತಡೆಯುವ ಪಿ-100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು. ಗಡ್ಡ ಇದ್ದರೆ ಮಾಸ್ಕು ಮುಖಕ್ಕೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅವತ್ತು ಬೋಳಿಸಿಕೊಳ್ಳುವುದೇ ಸರಿ.

ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ ಹಾಕಿ. ಬರೀ ನೀರು ಶೀಟಿನ ಮೇಲೆ ಜಾರಿ ಹೋಗುತ್ತದೆ, ಸೋಪಿನ ನೀರು ಒಳಗೆ ಇಳಿಯುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಕ್ಯಾನನ್ನು ಚೆನ್ನಾಗಿ ತೊಳೆದು, ಅದರಲ್ಲೇ ಮೆಲ್ಲಗೆ ಶೀಟಿನ ಎರಡೂ ಮೈ ನೆನೆಸಿ. ಮುಖ್ಯವಾಗಿ ಬೋಲ್ಟಿನ ಸುತ್ತ. ಒಣಗಿದಂತೆ ಕಂಡರೆ ಮತ್ತೆ ಹೊಡೆಯಿರಿ.

ಶೀಟಿನ ಮೇಲೆ ಕಾಲಿಡಬೇಡಿ. ಹಳೇ ಶೀಟು ಮನುಷ್ಯನ ಭಾರಕ್ಕೆ ಏಕಾಏಕಿ ಒಡೆಯುತ್ತದೆ. ನಾರಿನ ಕಾಯಿಲೆ ಬರುವುದು ಮುಂದೆ ಯಾವತ್ತೋ, ಬಿದ್ದು ಸೊಂಟ ಮುರಿಯುವುದು ಇವತ್ತೇ. ಪಾಚಿ ಮೇಲೆ ಸೋಪಿನ ನೀರು ಬಿದ್ದರಂತೂ ಕೇಳುವುದೇ ಬೇಡ. ಕೊಟ್ಟಿಗೆ ಎತ್ತರ ಇರುವುದಿಲ್ಲವಲ್ಲ, ಕೆಳಗಿನಿಂದಲೇ ಅಟ್ಟಣೆ ಕಟ್ಟಿ ಕೆಲಸ ಮಾಡಬಹುದು. ಮೇಲೆ ಹೋಗಲೇಬೇಕಾದರೆ ಅಡ್ಡ ಮರಗಳಿಂದ ಅಡ್ಡ ಮರಗಳಿಗೆ ಗಟ್ಟಿ ಹಲಗೆ ಹಾಕಿ, ಅದರ ಮೇಲೆ ಮಾತ್ರ ಓಡಾಡಿ.

ಜೆ ಬೋಲ್ಟಿನ ನಟ್ಟು ತುಕ್ಕು ಹಿಡಿದು ಕೂತಿರುತ್ತದೆ, ತಿರುಗುವುದಿಲ್ಲ. ಆಗ ಕೈ ಗ್ರೈಂಡರಿಗೆ ಹೋಗುತ್ತದೆ. ಗ್ರೈಂಡರ್ ಬೇಡ. ಬ್ಲೇಡು ಶೀಟಿಗೆ ತಾಗಿದ ಒಂದು ನಿಮಿಷದಲ್ಲಿ ಏಳುವ ಧೂಳು, ದಿನವಿಡೀ ನೀವು ಪಟ್ಟ ಜಾಗ್ರತೆಯನ್ನೆಲ್ಲ ನೀರುಪಾಲು ಮಾಡುತ್ತದೆ. ಕೆಳಗಿನಿಂದ, ಅಡ್ಡ ಮರದ ಹತ್ತಿರ ಕೊಕ್ಕೆಯನ್ನೇ ಬೋಲ್ಟ್ ಕಟರಿನಲ್ಲಿ ಕತ್ತರಿಸಿ. ಅದಿಲ್ಲದಿದ್ದರೆ ಕೈಗರಗಸ. ಆಮೇಲೆ ಪಕ್ಕದ ಶೀಟಿನ ಮೇಲೆ ಹತ್ತಿ ಕೂತಿರುವ ಶೀಟನ್ನು ಮೊದಲು ತೆಗೆಯಿರಿ. ಅಡಿಯಲ್ಲಿರುವುದನ್ನು ಎಳೆದರೆ ಎರಡೂ ಒಡೆಯುತ್ತವೆ. ಇಬ್ಬರು ಮೇಲೆ, ಇಬ್ಬರು ಕೆಳಗೆ ನಿಂತು ಕೈಯಿಂದ ಕೈಗೆ ಇಳಿಸಿ. ಎಸೆಯಬೇಡಿ, ಎಳೆಯಬೇಡಿ.

ಇಳಿಸಿದ ಶೀಟನ್ನು ಒದ್ದೆ ಇದ್ದಾಗಲೇ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ, ಮೇಲೆ ಆಸ್ಬೆಸ್ಟಸ್ ಅಂತ ದೊಡ್ಡದಾಗಿ ಬರೆಯಿರಿ. ಚೂರುಗಳು ಎರಡೆರಡು ಚೀಲದೊಳಗೆ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಹಾಕಿಕೊಂಡಿದ್ದ ಅಂಗಿಯನ್ನು ಒಣಗಿದ್ದಾಗ ಕೊಡವಬಾರದು. ಹಳೇದಾದರೆ ಅದೂ ಚೀಲಕ್ಕೇ ಹೋಗಲಿ.

ಮುಂದಿನದು ನಮ್ಮ ಕಡೆ ನಿಜವಾಗಿಯೂ ಕಷ್ಟದ ವಿಷಯ. ಹಳೇ ಶೀಟು ಬಂದರೆ ಸಾಕು, ಅಕ್ಕಪಕ್ಕದವರು ಬೇಲಿಗೆ, ಗೊಬ್ಬರಗುಂಡಿಗೆ, ಕಟ್ಟಿಗೆ ಮುಚ್ಚಲಿಕ್ಕೆ ಕೇಳುತ್ತಾರೆ. ಒಡೆದ ಚೂರು ತೋಟದ ರಸ್ತೆಯ ಕೆಸರಿಗೆ ಬೀಳುತ್ತದೆ. ಅದರ ಮೇಲೆ ಜೀಪು, ಟ್ರ್ಯಾಕ್ಟರ್ ಓಡಿ ಬೇಸಿಗೆಯಲ್ಲಿ ಪುಡಿ ಏಳುತ್ತದೆ. ದಾಕ್ಷಿಣ್ಯಕ್ಕೂ ಕೊಡಬೇಡಿ. ಪಂಚಾಯಿತಿಯ ಕಸದ ಗಾಡಿಗೂ ಹಾಕುವಂತಿಲ್ಲ. ಶಿವಮೊಗ್ಗದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ. ಎಲ್ಲಿಗೆ, ಹೇಗೆ ಸಾಗಿಸಬೇಕೆಂದು ಬಿಚ್ಚುವ ಮೊದಲೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಸುತ್ತಿದ ಶೀಟು ಗಾಡಿ, ದನ ತುಳಿಯದ ಮೂಲೆಯಲ್ಲಿ ಮಲಗಿರಲಿ.

ಮೇಲೆ ಏನು ಹೊದಿಸುವುದು

ಇದನ್ನು ನಿರ್ಧರಿಸುವುದು ಇಳಿಜಾರು. ಶೀಟಿನ ಮಾಡು ಸಾಮಾನ್ಯವಾಗಿ ಹತ್ತು ಅಡಿಗೆ ಎರಡು ಮೂರು ಅಡಿ ಮಾತ್ರ ಏರಿರುತ್ತದೆ. ಮಂಗಳೂರು ಹಂಚಿಗೆ ನಮ್ಮ ಮಳೆಯಲ್ಲಿ ಐದಾರು ಅಡಿ ಏರು ಬೇಕು. ಇಲ್ಲದಿದ್ದರೆ ಗಾಳಿ ಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಹಂಚಿನ ಭಾರ ಶೀಟಿನ ಎರಡು ಮೂರು ಪಟ್ಟು. ಆದ್ದರಿಂದ ಹಂಚು ಬೇಕೆಂದರೆ ಪಕಾಸು, ರೀಪು ಎಲ್ಲ ಹೊಸದಾಗಿ ಆಗಬೇಕು.

ಬಣ್ಣದ ತಗಡು ಹಗುರ, ಬೇಗ ಮುಗಿಯುತ್ತದೆ. ಆದರೆ ಕೊಟ್ಟಿಗೆಗೆ ಅದನ್ನು ನಾನು ಹೇಳುವುದಿಲ್ಲ. ಗಂಜಲದಿಂದ ಏಳುವ ಅಮೋನಿಯ ತಗಡಿನ ಒಳಮೈಯ ಸತುವಿನ ಲೇಪವನ್ನು ತಿನ್ನುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ತುಕ್ಕು ಶುರುವಾಗಿರುತ್ತದೆ. ಹಳೇ ಶೀಟಿನ ಮೇಲೇ ತಗಡು ಹಾಕಿ ಸ್ಕ್ರೂ ಹೊಡೆಯುವವರೂ ಇದ್ದಾರೆ. ಒಂದೊಂದು ತೂತಿನಲ್ಲೂ ನಾರಿನ ಪುಡಿ ಬರುತ್ತದೆ ಅಲ್ವಾ?

ಅದೇ ಇಳಿಜಾರಿಗೆ, ಅದೇ ಅಡ್ಡ ಮರಕ್ಕೆ ಕೂರುವುದು ಆಸ್ಬೆಸ್ಟಸ್ ಇಲ್ಲದ ಫೈಬರ್ ಸಿಮೆಂಟ್ ಶೀಟು. ನೆಂಟರ ಕೊಟ್ಟಿಗೆಗೆ ನಾನು ಇದನ್ನೇ ಹೇಳುವುದು. ನೋಡಲಿಕ್ಕೆ ಎರಡೂ ಒಂದೇ ಥರ, ಆಸ್ಬೆಸ್ಟಸ್ ಶೀಟಿಗೆ ನಮ್ಮಲ್ಲಿ ಮಾರಾಟ ನಿಷೇಧವೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಬಾಯಿಮಾತು ನಂಬದೆ ಶೀಟಿನ ಮೇಲಿನ ಮುದ್ರೆ ನೋಡಿ. ಐಎಸ್ 459 ಅಂತ ಇದ್ದರೆ ಅದು ಆಸ್ಬೆಸ್ಟಸ್ ಶೀಟಿನ ಮಾನದಂಡ. ಬೇರೆ ಮುದ್ರೆ ಇದ್ದರೂ ‘ಆಸ್ಬೆಸ್ಟಸ್ ರಹಿತ’ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ದನ ಕಟ್ಟದ ಕಟ್ಟಿಗೆ ಮನೆಗೆ, ಪಂಪ್ ಶೆಡ್ಡಿಗೆ ತಗಡು ಆಗಬಹುದು. ಆದರೆ 12 ಶೀಟಿನ ಜಾಗಕ್ಕೆ ತಗಡು ಹಾಕಿದರೆ ಅರ್ಧ ಟನ್ನಿನ ಜಾಗದಲ್ಲಿ ಇನ್ನೂರು ಕೆ.ಜಿ.ಯೂ ಇರುವುದಿಲ್ಲ. ಇಷ್ಟು ದಿನ ಮಾಡನ್ನು ಕೆಳಕ್ಕೆ ಒತ್ತಿ ಹಿಡಿದಿದ್ದ ಭಾರವೇ ಹೋಯಿತು. ಜೂನ್ ಗಾಳಿ ಸೂರಿನಡಿ ನುಗ್ಗಿದರೆ ಅಡ್ಡ ಮರದ ಸಮೇತ ಎತ್ತಿಕೊಂಡು ಹೋಗುತ್ತದೆ. ತಗಡು ಹೊದಿಸುವ ಮೊದಲೇ ಅಡ್ಡ ಮರಗಳನ್ನು ಕಂಬಕ್ಕೆ, ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿ.