ಮುದ್ರಣಕ್ಕೆ ಮೊದಲು ಯಂತ್ರದ ಮುಂದೆ: ಸೂಚನಾಪತ್ರವೊಂದರ ಪರೀಕ್ಷೆ

ಪೌಚ್ ಪ್ಯಾಕಿಂಗ್ ಯಂತ್ರದಲ್ಲಿ ಪೌಚನ್ನು ಬಿಸಿಯಿಂದ ಒತ್ತಿ ಅಂಟಿಸುವ ಭಾಗವಾದ ಸೀಲಿಂಗ್ ಜಾ ಸ್ವಚ್ಛಗೊಳಿಸುವ ಸೂಚನಾಪತ್ರವನ್ನು ಕನ್ನಡಕ್ಕೆ ಅನುವಾದಿಸಿದ ನಂತರ, ಅದನ್ನು ಮುದ್ರಣಕ್ಕೆ ಕೊಡುವ ಮೊದಲು ಆಪರೇಟರ್‌ಗಳ ಕೈಯಲ್ಲಿ ಪರೀಕ್ಷಿಸಿದೆ. ಆ ಯಂತ್ರವನ್ನು ದಿನವೂ ನಡೆಸುವವರು ಪತ್ರವನ್ನು ಓದದೆ ಅಭ್ಯಾಸಬಲದಿಂದಲೇ ಕೆಲಸ ಮುಗಿಸಿಬಿಡುತ್ತಾರೆ. ಆದ್ದರಿಂದ ಬೇರೆ ಬಗೆಯ ಯಂತ್ರದಲ್ಲಿ ಪಳಗಿದವರನ್ನು ಒಬ್ಬೊಬ್ಬರಾಗಿ ಕರೆದೆ. ಮೇಲ್ವಿಚಾರಕರನ್ನು ದೂರವಿರಲು ಕೋರಿದೆ. ಜಾ ಬಿಸಿಯಾಗಿರಲಿಲ್ಲ, ಅದನ್ನು ಮುಚ್ಚುವ ರಕ್ಷಣಾ ಕವಚವಾದ ಗಾರ್ಡ್‌ನೊಳಗಿನ ಕೆಲಸವನ್ನು ಕೈ ಹಾಕದೆ ಬಾಯಲ್ಲಿ ಹೇಳಿದರೆ ಸಾಕೆಂದು ಮೊದಲೇ ತಿಳಿಸಿದ್ದೆ.

"ಅರ್ಥವಾಯಿತೇ?" ಎಂದು ನಾನು ಯಾರನ್ನೂ ಕೇಳಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ಸಂಕೋಚದಿಂದಲಾದರೂ "ಹೌದು ಸರ್" ಎಂಬ ಉತ್ತರವೇ ಬರುತ್ತದೆ. ಪತ್ರವನ್ನು ಅದು ಮುಂದೆ ಇರಬೇಕಾದ ಜಾಗದಲ್ಲೇ, ಯಂತ್ರದ ಪಕ್ಕಕ್ಕೆ ಅಂಟಿಸಿ, ಅದರಲ್ಲಿರುವಂತೆ ಮಾಡಲು ಹೇಳಿದೆ. ಕೈ ಎಲ್ಲಿ ತಡೆಯಿತು, ಒಂದೇ ಸಾಲಿಗೆ ಕಣ್ಣು ಎಷ್ಟು ಸಲ ಮರಳಿತು, ಯಾವ ಹಂತವನ್ನು ಬಿಟ್ಟು ಮುಂದೆ ಹೋದರು ಎಂಬುದನ್ನಷ್ಟೇ ಬರೆದುಕೊಂಡೆ.

ಮೊದಲ ತೊಡಕು ಜಾವನ್ನು ನಡೆಸುವ ಒತ್ತಡದ ಗಾಳಿಯದು. "ವಾಲ್ವ್ ಮುಚ್ಚಿ ಒತ್ತಡ ಬಿಡುಗಡೆ ಮಾಡಿ" ಎಂಬ ಸಾಲನ್ನು ಓದಿ ವಾಲ್ವ್ ಮುಚ್ಚಿದವರು, ಅಷ್ಟಕ್ಕೇ ಒತ್ತಡವೂ ಹೋಯಿತೆಂದು ಭಾವಿಸಿ ಗಾರ್ಡ್‌ನತ್ತ ಸರಿದರು. ಆದರೆ ಈ ಯಂತ್ರದಲ್ಲಿ ವಾಲ್ವ್ ಹೊರಗಿನಿಂದ ಬರುವ ಗಾಳಿಯನ್ನು ಮಾತ್ರ ತಡೆಯುತ್ತದೆ. ಸಿಲಿಂಡರಿನಲ್ಲಿ ಉಳಿದ ಗಾಳಿಗೆ ಜಾವನ್ನು ಚಲಿಸುವಂತೆ ಮಾಡುವ ಶಕ್ತಿ ಇರುತ್ತದೆ. ಆ ಸಾಲನ್ನು ಎರಡು ಹಂತಗಳಾಗಿ ಒಡೆದು, ಎರಡನೆಯದಕ್ಕೆ "ಗೇಜಿನ ಮುಳ್ಳು 0 ತೋರಿಸುವವರೆಗೆ ಗಾರ್ಡ್ ತೆಗೆಯಬೇಡಿ" ಎಂದು ಸೇರಿಸಿದೆ.

ಎರಡನೆಯದು ಇನ್ನೂ ಸ್ವಾರಸ್ಯಕರ. ಮುಖ್ಯ ಸ್ವಿಚ್ ಆಫ್ ಮಾಡಿ, ಜಾ ತಣ್ಣಗಾದ ಮೇಲೆ ಬ್ರಷ್ ಬಳಸಿ ಎಂದು ಪತ್ರದಲ್ಲಿತ್ತು. ಸ್ವಿಚ್ ಆಫ್ ಆದೊಡನೆ ತಾಪಮಾನ ತೋರಿಸುವ ಫಲಕವೂ ಆರಿಹೋಗುತ್ತದೆ. ತಣ್ಣಗಾಗಿದೆಯೇ ಎಂದು ತಿಳಿಯಲು ಒಬ್ಬರು ಸ್ವಿಚ್ಚನ್ನು ಮತ್ತೆ ಆನ್ ಮಾಡಿದರು. ಹಾಗೆ ಮಾಡಿದರೆ ಹೀಟರ್‌ಗೂ ವಿದ್ಯುತ್ ಹೋಗುತ್ತದೆ. ವಾಕ್ಯವನ್ನು ಎಷ್ಟು ತಿದ್ದಿದ್ದರೂ ಇದು ಸರಿಹೋಗುತ್ತಿರಲಿಲ್ಲ, ಏಕೆಂದರೆ ದೋಷ ಮೂಲ ಪತ್ರದ ಅನುಕ್ರಮದಲ್ಲೇ ಇತ್ತು. ತಯಾರಕರ ಎಂಜಿನಿಯರ್ ಒಪ್ಪಿದ ಬಳಿಕ, ಮೊದಲು ಹೀಟರ್ ಆಫ್ ಮಾಡಿ, ಫಲಕದಲ್ಲಿ 40 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಕಂಡ ಮೇಲೆ ಮುಖ್ಯ ಸ್ವಿಚ್ ಆಫ್ ಮಾಡುವಂತೆ ಎರಡೂ ಭಾಷೆಗಳ ಪತ್ರಗಳನ್ನು ಬದಲಿಸಲಾಯಿತು.

ತಿದ್ದಿದ ಪತ್ರವನ್ನು ಅದೇ ಜನರ ಕೈಗೆ ಮತ್ತೆ ಕೊಡಲಿಲ್ಲ; ಅವರಿಗೆ ಕೆಲಸ ಆಗಲೇ ಗೊತ್ತಾಗಿತ್ತು. ಹೊಸಬರು ಗೇಜ್ ಎಲ್ಲಿದೆಯೆಂದು ಹುಡುಕಿದ್ದರಿಂದ ಆ ಹಂತದ ಪಕ್ಕದಲ್ಲಿ ಅದರ ಚಿತ್ರವೊಂದನ್ನು ಸೇರಿಸಿ, ಅದನ್ನೂ ಮತ್ತೊಬ್ಬರಿಂದ ಮಾಡಿಸಿ ನೋಡಿದ ಮೇಲೆ ಪತ್ರವನ್ನು ಮುದ್ರಣಕ್ಕೆ ಕಳುಹಿಸಿದೆ.