ಯೀಲ್ಡ್ ಏರುತ್ತಿದೆ, ಸರಿ. ಯಾಕೆ ಏರುತ್ತಿದೆ?

ಬಾಂಡ್ ಯೀಲ್ಡ್, ಅಂದರೆ ಬಾಂಡ್ ಮೇಲಿನ ಪ್ರತಿಫಲ, ಏರಿದರೆ ಷೇರು ಸೂಚ್ಯಂಕ ಬೀಳುತ್ತದೆ ಎಂಬ ಮಾತನ್ನೇ ನೆಚ್ಚಿಕೊಂಡರೆ ಕೈ ಸುಟ್ಟುಕೊಳ್ಳುತ್ತೇವೆ. 2021ರ ಮೊದಲ ಮೂರು ತಿಂಗಳಲ್ಲಿ ಅಮೆರಿಕ ಸರ್ಕಾರದ 10 ವರ್ಷದ ಬಾಂಡಿನ ಯೀಲ್ಡ್ ಶೇ. 0.9ರ ಆಸುಪಾಸಿನಿಂದ ಶೇ. 1.7ಕ್ಕೆ ಏರಿತು, ಅಲ್ಲಿನ ಷೇರು ಸೂಚ್ಯಂಕ S&P 500 ಕೂಡ ಜೊತೆಗೇ ಏರಿತು. 2023ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಯೀಲ್ಡ್ ಹೆಚ್ಚುಕಡಿಮೆ ಅಷ್ಟೇ ಏರಿತು, ಆಗ ಸೂಚ್ಯಂಕ ಶೇ. 10ರಷ್ಟು ಕುಸಿಯಿತು. ಹಾಗಾಗಿ ಯೀಲ್ಡ್ ಎತ್ತ ಹೊರಟಿದೆ ಎಂದು ನೋಡಿದ ಕೂಡಲೇ, ಅದು ಯಾಕೆ ಹೊರಟಿದೆ ಎಂದು ಹುಡುಕುವುದು ನನ್ನ ರೂಢಿ.

ಮೊದಲು ಈಗ ಇವೆರಡರ ನಡುವೆ ಯಾವ ಸಂಬಂಧ ನಡೆಯುತ್ತಿದೆ ಎಂದು ಅಳೆಯುತ್ತೇನೆ. ಟ್ರೇಡಿಂಗ್‌ವ್ಯೂನಲ್ಲಿ ಸೂಚ್ಯಂಕದ ದಿನದ ಚಾರ್ಟ್ ಮೇಲೆ ಇಷ್ಟು ಸಾಕು:

```
//@version=5
indicator("SPX - US10Y")
s = request.security("SP:SPX", "D", close)
y = request.security("TVC:US10Y", "D", close)
r = math.log(s / s[1])
d = y - y[1]
plot(ta.correlation(r, d, 60))
```

ಇಲ್ಲಿ ಹೋಲಿಸುತ್ತಿರುವುದು ದಿನದಿಂದ ದಿನಕ್ಕೆ ಆದ ಬದಲಾವಣೆಯನ್ನು. ಬೆಲೆಗಳನ್ನೇ ನೇರವಾಗಿ ಹೋಲಿಸಿದರೆ, ಎರಡೂ ಒಂದೇ ದಿಕ್ಕಿಗೆ ಸಾಗುತ್ತಿರುವ ಕಾಲದಲ್ಲಿ ಸಂಬಂಧ ಇಲ್ಲದಿದ್ದರೂ ದೊಡ್ಡ ಅಂಕಿ ಬರುತ್ತದೆ. ಯೀಲ್ಡ್‌ನ ಬದಲಾವಣೆಯನ್ನು ಶೇಕಡಾವಾರಿನಲ್ಲಿ ಹಾಕುವುದೂ ತಪ್ಪು. 0.5ರಿಂದ 0.6ಕ್ಕೆ ಹೋದರೂ 4.5ರಿಂದ 4.6ಕ್ಕೆ ಹೋದರೂ ಅದು 10 ಬೇಸಿಸ್ ಪಾಯಿಂಟ್. ಶೇಕಡಾವಾರು ಲೆಕ್ಕದಲ್ಲಿ ಮೊದಲನೆಯದು ಭಾರಿ ಏರಿಕೆಯಂತೆ ಕಾಣುತ್ತದೆ. ಗೆರೆ ಸೊನ್ನೆಗಿಂತ ಸ್ಪಷ್ಟವಾಗಿ ಕೆಳಗಿದ್ದರೆ ಯೀಲ್ಡ್ ಏರಿಕೆ ಸೂಚ್ಯಂಕಕ್ಕೆ ನೋವು ಕೊಡುತ್ತಿದೆ ಎಂದರ್ಥ. ಸೊನ್ನೆಯ ಹತ್ತಿರವೇ ಓಲಾಡುತ್ತಿದ್ದರೆ ಆ ವಾರ ಯೀಲ್ಡ್ ಚಾರ್ಟನ್ನು ಬದಿಗಿಡುತ್ತೇನೆ.

ಎರಡನೆಯ ಹೆಜ್ಜೆಯಲ್ಲಿ ಯೀಲ್ಡನ್ನು ಎರಡಾಗಿ ಒಡೆಯುತ್ತೇನೆ. ಅಲ್ಲಿಯೇ ಸಿಗುವ FRED:DFII10 ಎಂಬ ಚಾರ್ಟ್ ಹಣದುಬ್ಬರ ಕಳೆದು ಉಳಿಯುವ ನೈಜ ಯೀಲ್ಡ್. FRED:T10YIE ಮಾರುಕಟ್ಟೆ ನಿರೀಕ್ಷಿಸುವ ಹಣದುಬ್ಬರ. ಎರಡನ್ನೂ ಕೂಡಿದರೆ 10 ವರ್ಷದ ಯೀಲ್ಡ್ ಸಿಗುತ್ತದೆ. ನೈಜ ಯೀಲ್ಡ್ ಏರಿದಾಗ ಕಂಪನಿಗಳ ಮುಂದಿನ ವರ್ಷಗಳ ಲಾಭಕ್ಕೆ ಇವತ್ತು ಕೊಡಬಹುದಾದ ಬೆಲೆ ಇಳಿಯುತ್ತದೆ. ಅದೇ ಹೊತ್ತಿಗೆ ಲಾಭದ ನಿರೀಕ್ಷೆಯೂ ಏರುತ್ತಿದ್ದರೆ ಆ ಪೆಟ್ಟು ತಟ್ಟುವುದಿಲ್ಲ. ಲಾಭದ ನಿರೀಕ್ಷೆ ಏರುತ್ತಿದೆಯೇ ಎಂಬುದಕ್ಕೆ ನಾನು ತಾಮ್ರದ ಚಾರ್ಟ್ ನೋಡುತ್ತೇನೆ, ಏಕೆಂದರೆ ಕಾರ್ಖಾನೆ, ಕಟ್ಟಡ, ತಂತಿ ಎಲ್ಲೆಡೆಯೂ ಅದು ಬೇಕು.

2023ರ ಆ ಮೂರು ತಿಂಗಳನ್ನೇ ತೆಗೆದುಕೊಳ್ಳಿ. ಜುಲೈ ಕೊನೆಗೆ 10 ವರ್ಷದ ಯೀಲ್ಡ್ ಶೇ. 4ರ ಹತ್ತಿರ ಇತ್ತು, ಅಕ್ಟೋಬರ್ ಮೂರನೇ ವಾರಕ್ಕೆ ಶೇ. 5ನ್ನು ಮುಟ್ಟಿತು. ಒಡೆದು ನೋಡಿದರೆ ಹಣದುಬ್ಬರದ ನಿರೀಕ್ಷೆ 2.4ರ ಸುತ್ತಲೇ ನಿಂತಿತ್ತು. ಏರಿಕೆಯ ಬಹುಪಾಲು ನೈಜ ಯೀಲ್ಡಿನದು. ತಾಮ್ರ ಇಳಿಯುತ್ತಿತ್ತು. ಇತರ ಪ್ರಮುಖ ಕರೆನ್ಸಿಗಳ ಎದುರು ಡಾಲರಿನ ಬಲ ತೋರುವ ಡಾಲರ್ ಇಂಡೆಕ್ಸ್ 102ರ ಬಳಿಯಿಂದ 106 ದಾಟಿತ್ತು, ಅಂದರೆ ಜಗತ್ತಿನೆಲ್ಲೆಡೆ ಡಾಲರ್ ಸಾಲ ದುಬಾರಿಯಾಗುತ್ತಿತ್ತು. ಮೂರೂ ಒಂದೇ ಮಾತು ಹೇಳುತ್ತಿದ್ದವು: ಹಣ ದುಬಾರಿ, ಬೇಡಿಕೆ ಮಂದ. 4,589ರಲ್ಲಿದ್ದ S&P 500 ಅಕ್ಟೋಬರ್ 27ಕ್ಕೆ 4,117ಕ್ಕೆ ಇಳಿಯಿತು.

ಇದರ ನಡುವೆ ದಾರಿ ತಪ್ಪಿಸಿದ್ದು ಕಚ್ಚಾ ತೈಲ. ಸೆಪ್ಟೆಂಬರ್ ಕೊನೆಗೆ ಅದು ಬ್ಯಾರಲ್‌ಗೆ 90 ಡಾಲರ್ ದಾಟಿದ್ದರಿಂದ ಆರ್ಥಿಕತೆ ಬಿಸಿಯಾಗಿದೆ ಎಂದು ಓದುವುದು ಸುಲಭವಿತ್ತು. ಆದರೆ ಸೌದಿ ಅರೇಬಿಯಾ ಉತ್ಪಾದನೆ ಕಡಿತವನ್ನು ವರ್ಷದ ಕೊನೆಯವರೆಗೆ ಮುಂದುವರಿಸಿತ್ತು. ತೈಲ ಏರುತ್ತಾ ತಾಮ್ರ ಇಳಿಯುತ್ತಿದ್ದರೆ ಮೊದಲು ಪೂರೈಕೆಯ ಕಡೆ ನೋಡಬೇಕು. ಅಂಥ ತೈಲ ಏರಿಕೆ ಕಂಪನಿಗಳಿಗೆ ಖರ್ಚು, ಬೇಡಿಕೆಯ ಗುರುತಲ್ಲ.

ಹಲವರು ನೆಚ್ಚುವ ತಾಮ್ರ ಮತ್ತು ಚಿನ್ನದ ಅನುಪಾತವನ್ನು, ಅಂದರೆ HG1!/GC1! ಚಾರ್ಟನ್ನು, ನಾನು ಈಗ ಬಳಸುವುದಿಲ್ಲ. ಮೊದಲೆಲ್ಲ ಅದು 10 ವರ್ಷದ ಯೀಲ್ಡ್ ಜೊತೆ ಚೆನ್ನಾಗಿ ಹೆಜ್ಜೆ ಹಾಕುತ್ತಿತ್ತು. 2022ರ ನಂತರ ಕೇಂದ್ರ ಬ್ಯಾಂಕುಗಳು ಭಾರಿ ಪ್ರಮಾಣದಲ್ಲಿ ಚಿನ್ನ ಕೊಂಡವು, ಯೀಲ್ಡ್ ಎತ್ತರದಲ್ಲಿದ್ದರೂ ಚಿನ್ನ ಏರಿತು, ಅನುಪಾತ ಕುಸಿಯಿತು. ಅದನ್ನು ನೋಡಿ ಮಂದಗತಿ ಬಂತೆಂದು ತೀರ್ಮಾನಿಸಿದವರು 2024ರ ಷೇರು ಏರಿಕೆಯ ಹೊರಗುಳಿಯುತ್ತಿದ್ದರು.

ಈ ಚಾರ್ಟ್‌ಗಳಿಂದ ನಾನು ಖರೀದಿಯ ದಿನ ಗೊತ್ತುಮಾಡುವುದಿಲ್ಲ, ಪ್ರಮಾಣವನ್ನಷ್ಟೇ ಗೊತ್ತುಮಾಡುತ್ತೇನೆ. 20 ದಿನಗಳಲ್ಲಿ ನೈಜ ಯೀಲ್ಡ್ 25 ಬೇಸಿಸ್ ಪಾಯಿಂಟ್‌ಗಿಂತ ಹೆಚ್ಚು ಏರಿ, ಡಾಲರ್ ಇಂಡೆಕ್ಸ್ ತನ್ನ 50 ದಿನದ ಸರಾಸರಿಯ ಮೇಲಿದ್ದು, ತಾಮ್ರ ತನ್ನ ಸರಾಸರಿಯ ಕೆಳಗಿದ್ದರೆ ಸೂಚ್ಯಂಕದಲ್ಲಿ ಎಂದಿನದರ ಅರ್ಧದಷ್ಟೇ ಇಡುತ್ತೇನೆ. ತಿರುವಿನ ದಿನವನ್ನು ಸೂಚ್ಯಂಕದ ಚಾರ್ಟೇ ಹೇಳಬೇಕು: 2023ರಲ್ಲಿ ಯೀಲ್ಡ್ ಶೇ. 5ರಿಂದ ಹಿಂದೆ ಸರಿದ ಮೇಲೂ S&P 500 ಕೆಲವು ದಿನ ಬೀಳುತ್ತಲೇ ಇತ್ತು. ನವೆಂಬರ್ ಮೊದಲ ವಾರ ಯೀಲ್ಡ್ 4.6ಕ್ಕಿಂತ ಕೆಳಗಿಳಿದಾಗ ಸೂಚ್ಯಂಕ ಒಂದೇ ವಾರದಲ್ಲಿ ಶೇ. 5.9 ಏರಿತು.