ಸಾಗಣೆ ತಡವಾದಾಗ ಜಪಾನಿನ ಗ್ರಾಹಕರಿಗೆ ಬರೆಯುವ ಮೇಲ್: ನನ್ನ ಅನುಭವ

ಪೀಣ್ಯದಿಂದ ಬಿಡಿಭಾಗ ತರಿಸಿಕೊಳ್ಳುವ ಜಪಾನಿನ ಖರೀದಿದಾರರಿಗೂ ಇಂಗ್ಲಿಷ್ ಕಲಿತ ಭಾಷೆಯೇ, ನಮಗೂ ಅಷ್ಟೇ. ನಮ್ಮ ಕಡೆಯ ಮೇಲ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ (ಕನ್ನಡದಲ್ಲೇ ಹೇಳುತ್ತೇನೆ):

"ಹೀಟ್ ಟ್ರೀಟ್‌ಮೆಂಟ್ ತಡವಾಗಿರುವುದರಿಂದ, ತಮ್ಮ ಅಭ್ಯಂತರವಿಲ್ಲದಿದ್ದಲ್ಲಿ, 800 ಬುಷ್‌ಗಳ ಪೈಕಿ 300 ಮುಂದಿನ ಶುಕ್ರವಾರವೂ ಉಳಿದವು ಅದರ ಮರುವಾರವೂ ಹೊರಡಲಿದ್ದು, ದಯವಿಟ್ಟು ಬೇಗ ರಿವರ್ಟ್ ಮಾಡಿ."

ವ್ಯಾಕರಣ ಸರಿಯಿದೆ. ಆದರೆ ಸುದ್ದಿ, ಷರತ್ತು, ಕೋರಿಕೆ ಮೂರೂ ಒಂದೇ ವಾಕ್ಯದಲ್ಲಿ ತುರುಕಿವೆ. "ಮುಂದಿನ ಶುಕ್ರವಾರ" ಈ ವಾರದ್ದೋ ಬರುವ ವಾರದ್ದೋ ತಿಳಿಯದು. "ರಿವರ್ಟ್" ಎಂದರೆ ಉತ್ತರಿಸುವುದು ಅನ್ನುವುದು ನಮ್ಮ ದೇಶದ ಬಳಕೆ. ನಿಘಂಟು ನೋಡಿದವರಿಗೆ ಹಿಂದಿನ ಸ್ಥಿತಿಗೆ ಮರಳುವುದು ಎಂಬ ಅರ್ಥ ಸಿಗುತ್ತದೆ.

ನಾನು ಅದನ್ನೇ ಹೀಗೆ ಒಡೆಯುತ್ತೇನೆ:

"ನಿಮ್ಮ ಆರ್ಡರ್ 800 ಬುಷ್. 300 ಬುಷ್ ಸಿದ್ಧವಾಗಿವೆ. ಉಳಿದ 500 ಬುಷ್ ತಡವಾಗುತ್ತವೆ, ಏಕೆಂದರೆ ಅವುಗಳ ಹೀಟ್ ಟ್ರೀಟ್‌ಮೆಂಟ್ ಮುಗಿದಿಲ್ಲ. ದಯವಿಟ್ಟು ಒಂದನ್ನು ಆರಿಸಿ.
ಎ: ನಾವು 300 ಬುಷ್ ಅನ್ನು 12 ಜೂನ್ 2026, ಶುಕ್ರವಾರ ಕಳಿಸುತ್ತೇವೆ. 500 ಬುಷ್ ಅನ್ನು 19 ಜೂನ್ 2026, ಶುಕ್ರವಾರ ಕಳಿಸುತ್ತೇವೆ.
ಬಿ: ನಾವು 800 ಬುಷ್ ಅನ್ನೂ 19 ಜೂನ್ 2026, ಶುಕ್ರವಾರ ಕಳಿಸುತ್ತೇವೆ.
8 ಜೂನ್ 2026, ಸೋಮವಾರ, ಜಪಾನ್ ಸಮಯ ಸಂಜೆ 5ರೊಳಗೆ ಉತ್ತರಿಸಿ."

ಆ 5 ಗಂಟೆ ನಮಗೆ ಮಧ್ಯಾಹ್ನ 1:30. ಲೆಕ್ಕ ನಾವು ಹಾಕಿಕೊಳ್ಳಬೇಕು, ಅವರಲ್ಲ. ತಿಂಗಳನ್ನು ಅಂಕಿಯಲ್ಲಿ ಬರೆಯುವುದಿಲ್ಲ. 8/6 ಎಂದರೆ ಜಪಾನಿನಲ್ಲಿ ಆಗಸ್ಟ್ 6.

ವಾಕ್ಯದ ಉದ್ದಕ್ಕೆ ವಿಮಾನ ನಿರ್ವಹಣೆಯ ಕೈಪಿಡಿಗಳಿಗೆಂದು ಮಾಡಿದ ASD-STE100 ನಿಯಮ ಒಳ್ಳೆಯ ಅಳತೆ: ಸೂಚನೆಗೆ ಹೆಚ್ಚೆಂದರೆ 20 ಪದ, ವಿವರಣೆಗೆ 25. ಹಾಗಂತ ಕತ್ತರಿ ಆಡಿಸುತ್ತಲೇ ಹೋಗಬಾರದು. ಮೇಲಿನ "ಏಕೆಂದರೆ ಅವುಗಳ" ತೆಗೆದು ನೋಡಿ: "500 ತಡ. ಹೀಟ್ ಟ್ರೀಟ್‌ಮೆಂಟ್ ಮುಗಿದಿಲ್ಲ." ಸಿದ್ಧವಾದ 300ಕ್ಕೂ ಹೀಟ್ ಟ್ರೀಟ್‌ಮೆಂಟ್ ಆಗಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಕರ್ತೃವನ್ನೂ ಬಿಡಬಾರದು. ಕನ್ನಡದಲ್ಲಿ "ಕಳಿಸ್ತೀವಿ" ಅಂದರೆ ಯಾರು ಅನ್ನುವುದು ಕ್ರಿಯಾಪದದಲ್ಲೇ ಇದೆ. ಆ ರೂಢಿಯಲ್ಲೇ ಇಂಗ್ಲಿಷಿನಲ್ಲಿ "ವಿಲ್ ಸೆಂಡ್" ಎಂದು ಬರೆದರೆ ನಾವೋ, ಹೀಟ್ ಟ್ರೀಟ್‌ಮೆಂಟಿನವರೋ ಗೊತ್ತಾಗದು.

ನಿಷೇಧದ ಪ್ರಶ್ನೆಯನ್ನಂತೂ ಕೇಳುವುದೇ ಇಲ್ಲ. "ಡ್ರಾಯಿಂಗ್ ಸಿಕ್ಕಿಲ್ಲವೇ?" ಎಂದರೆ ಜಪಾನಿನವರೂ ನಮ್ಮ ಹಾಗೆಯೇ "ಹೌದು, ಸಿಕ್ಕಿಲ್ಲ" ಅನ್ನುವವರು. ಇಂಗ್ಲಿಷಿನಲ್ಲಿ ಬರೀ "ಯೆಸ್" ಬಂದರೆ ಎರಡರ್ಥ.

ಅರ್ಥವಾಯಿತೇ ಎಂದು ತಿಳಿಯುವುದು ಉತ್ತರದಿಂದಲೇ. "ನೋಟೆಡ್ ವಿತ್ ಥ್ಯಾಂಕ್ಸ್" ಬಂದರೆ ಅದನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. "ಎ ಅಥವಾ ಬಿ, ಯಾವುದು?" ಎಂದು ಒಂದೇ ಸಾಲು ಮತ್ತೆ ಕಳಿಸುತ್ತೇನೆ. ಅಕ್ಷರ ಬರುವವರೆಗೆ ಪ್ಯಾಕಿಂಗ್ ಶುರುವಾಗುವುದಿಲ್ಲ.